ಮಾವನ ಫೆಂಟನಿಲ್ ಪ್ಯಾಚು: ನಲಾಕ್ಸೋನ್ ಕೊಟ್ಟ ತಕ್ಷಣ ಎದ್ರು, ಶಿವಮೊಗ್ಗ ದಾರಿಲಿ ಮತ್ತೆ ಮಂಪರು, ಯಾಕೆ?

ಸಾಗರದ_ಸೊಸೆ

ನಮಸ್ಕಾರ ಎಲ್ರಿಗೂ. ನಮ್ಮ ಮಾವಂಗೆ ಬಾಯಿ ಕ್ಯಾನ್ಸರು, ಮಾತ್ರೆ ನುಂಗಕ್ಕೆ ಆಗಲ್ಲ ಅಂತ ನೋವಿಗೆ ಫೆಂಟನಿಲ್ ಪ್ಯಾಚು ಬರ್ದಿದಾರೆ, 50 ಮೈಕ್ರೋಗ್ರಾಂದು, ಮೂರು ದಿನಕ್ಕೊಂದ್ಸಲ ಬದಲಾಯ್ಸದು, ಬೆನ್ನಿನ ಮೇಲ್ಭಾಗಕ್ಕೆ ಅಂಟಿಸ್ತೀವಿ. ಇಷ್ಟು ದಿನ ಏನೂ ತೊಂದ್ರೆ ಇರ್ಲಿಲ್ಲ, ನೋವು ಹಿಡಿತದಲ್ಲಿತ್ತು, ಜಗಲಿ ಮೇಲೆ ಕೂತು ಪೇಪರ್ ಓದೋರು. ಹೋದ ವಾರ ಮಳೆ ಜೋರಿತ್ತಲ್ಲ, ಆಗ ಜ್ವರ ಬಂತು. ಚಳಿ ಚಳಿ ಅಂತ ಎರಡು ಕಂಬಳಿ ಹೊದ್ದು ಮಲಗಿದ್ರು, ಅತ್ತೆ ಬೆನ್ನಿಗೆ ಬಿಸಿನೀರಿನ ಬ್ಯಾಗ್ ಇಟ್ಟಿದ್ರು. ಸಂಜೆ ಆರು ಗಂಟೆಗೆ ಗಂಜಿ ಕುಡಿಸಣ ಅಂತ ಹೋದ್ರೆ ಏಳ್ತಾನೇ ಇಲ್ಲ, ಗೊರಕೆ ಥರ ಸದ್ದು, ಒಂದು ಉಸಿರು ತಗಂಡ್ರೆ ಮುಂದಿನದು ಯಾವಾಗ ಅಂತ ಕಾಯ್ಬೇಕು, ತುಟಿ ನೀಲಿ ಆಗಿತ್ತು.

ಪಕ್ಕದ ಮನೆ ಓಮ್ನಿಲಿ ಹತ್ತಿರದ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಡ್ಯೂಟಿ ಡಾಕ್ಟ್ರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ರು, ಪ್ಯಾಚ್ ಎಲ್ಲಿದೆ ಅಂತ ಕೇಳಿ ಕಿತ್ತು ತೆಗೆದ್ರು, ಮುಖಕ್ಕೆ ಮಾಸ್ಕ್ ಹಿಡಿದು ಬಲೂನ್ ಥರದ್ದು ಒತ್ತಿ ಉಸಿರು ಕೊಟ್ರು, ಆಮೇಲೆ ನಲಾಕ್ಸೋನ್ ಅಂತ ಇಂಜೆಕ್ಷನ್ನು ಸ್ವಲ್ಪ ಸ್ವಲ್ಪವೇ ಹಾಕಿದ್ರು. ನಾಕೈದು ನಿಮಿಷ ಆಗಿತ್ತೋ ಇಲ್ವೋ, ಮಾವ ಕಣ್ಣು ಬಿಟ್ಟು "ಎಲ್ಲಿಗೆ ಕರ್ಕಂಡು ಬಂದಿದೀರಿ" ಅಂದ್ರು! ನಮ್ಮನೆಯವ್ರು ಇನ್ನೇನು ಮನೆಗೆ ಹೊರಡಣ ಅಂದ್ರೆ ಡಾಕ್ಟ್ರು ಸುತಾರಾಂ ಒಪ್ಪಲಿಲ್ಲ. ಐಸಿಯು ಬೇಕು, ಶಿವಮೊಗ್ಗಕ್ಕೆ ಹೋಗಿ ಅಂತ ಆಂಬುಲೆನ್ಸಲ್ಲಿ ಕಳ್ಸಿದ್ರು, ಜೊತೆಗೆ ಸಿಸ್ಟರ್ ಒಬ್ರನ್ನ ಸಿರಿಂಜ್ ತುಂಬಿಸಿ ಕೊಟ್ಟು ಕಳ್ಸಿದ್ರು. ಆನಂದಪುರದವರೆಗೆ ಮಾತಾಡ್ತಾ ಇದ್ರು, ಆಯನೂರು ಹತ್ರ ಬರೋ ಹೊತ್ತಿಗೆ ಮತ್ತೆ ಕಣ್ಣು ಮುಚ್ಚಿದ್ರು, ಉಸಿರು ಮತ್ತೆ ನಿಧಾನ. ಸಿಸ್ಟರ್ ಗಾಡಿ ನಿಲ್ಸಿ ಮತ್ತೆ ಇಂಜೆಕ್ಷನ್ ಕೊಟ್ರು, ಎದ್ರು. ಶಿವಮೊಗ್ಗದಲ್ಲಿ ಅದೇ ಔಷಧಿನ ರಾತ್ರಿಯಿಡೀ ಡ್ರಿಪ್ಪಲ್ಲಿ ಬಿಟ್ರು. ಈಗ ಮನೇಲಿ ಇದಾರೆ, ಪರವಾಗಿಲ್ಲ.

ನಂಗೆ ಅರ್ಥ ಆಗದೆ ಇರೋದು ಇಷ್ಟೇ. ಪ್ಯಾಚ್ ಕಿತ್ತಾಗಿತ್ತು, ವಿಷ ಇಳಿಸೋ ಇಂಜೆಕ್ಷನ್ ಕೊಟ್ಟಾಗಿತ್ತು, ಮನುಷ್ಯ ಎದ್ದು ಕೂತಿದ್ರು. ಹಾಗಿದ್ರೆ ಮತ್ತೆ ಯಾಕೆ ಮಂಪರು ಬಂತು?

ತೋಟದಮನೆ

ಅಕ್ಕ, ದೇವರ ದಯೆ ನಿಮ್ಮ ಮಾವ ಉಳ್ಕಂಡ್ರು. ನಂಗೆ ಗೊತ್ತಿರೋ ಪ್ರಕಾರ ಇದು ಹಾವು ಕಚ್ಚಿದಾಗ ಕೊಡ್ತಾರಲ್ಲ ಆ ಔಷಧಿ ಇದ್ದಂಗೆ, ವಿಷನ ಮುರಿಯುತ್ತೆ. ವಿಷ ಜಾಸ್ತಿ ಇತ್ತು, ಇಂಜೆಕ್ಷನ್ ಸಾಲಲಿಲ್ಲ ಅಷ್ಟೇ ಇರ್ಬೇಕು. ನಮ್ಮ ತೋಟದ ಆಳಿಗೆ ಕಚ್ಚಿದಾಗ ಹತ್ತು ಬಾಟ್ಲಿ ಹಾಕಿದ್ರು. ಮೊದಲ ಸಲವೇ ಜಾಸ್ತಿ ಹಾಕಿದ್ರೆ ದಾರಿಲಿ ಈ ಪರದಾಟ ಇರ್ತಿರ್ಲಿಲ್ಲ ಅನ್ಸುತ್ತೆ.

ರಾತ್ರಿಪಾಳಿ

ನಾನು ಐಸಿಯು ಸ್ಟಾಫ್ ನರ್ಸು, ಶಿವಮೊಗ್ಗದಲ್ಲೇ ಕೆಲ್ಸ. ತೋಟದಮನೆ ಅಣ್ಣ, ಸಾಲಲಿಲ್ಲ ಅನ್ನೋದು ಒಂದು ರೀತಿ ಸರಿ, ಆದ್ರೆ ವಿಷ ಮುರಿಯುತ್ತೆ ಅನ್ನೋದು ಇಲ್ಲಿಗೆ ಹೊಂದಲ್ಲ. ಇಡೀ ವಿಷಯ ಅಲ್ಲೇ ಇರೋದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಹಾವಿನ ಔಷಧಿ ಹೋಗಿ ವಿಷಕ್ಕೇ ಅಂಟಿಕೊಳ್ಳುತ್ತೆ, ಅಂಟಿದ ವಿಷ ಮತ್ತೆ ಕೆಲ್ಸ ಮಾಡಲ್ಲ. ನಲಾಕ್ಸೋನ್ ಫೆಂಟನಿಲ್ಲನ್ನ ಮುಟ್ಟೋದೇ ಇಲ್ಲ. ಮಾವನ ಮೈಯಲ್ಲಿ ಇಂಜೆಕ್ಷನ್ನಿಗೆ ಮುಂಚೆ ಎಷ್ಟು ಫೆಂಟನಿಲ್ ಇತ್ತೋ ಇಂಜೆಕ್ಷನ್ ಕೊಟ್ಟ ಮೇಲೂ ಅಷ್ಟೇ ಇತ್ತು, ಒಂದು ಮೈಕ್ರೋಗ್ರಾಮೂ ಕಮ್ಮಿ ಆಗಿರ್ಲಿಲ್ಲ. ಮೆದುಳಿನ ಬುಡದಲ್ಲಿ ಉಸಿರಿನ ಲಯ ನಡೆಸೋ ಜೀವಕೋಶಗಳು ಇವೆ, ಅವುಗಳ ಮೇಲೆ ಓಪಿಯಾಯ್ಡ್ ರಿಸೆಪ್ಟರ್ ಅಂತ ಇರುತ್ತೆ. ಫೆಂಟನಿಲ್, ಮಾರ್ಫಿನ್ ಇವೆಲ್ಲ ಅಲ್ಲಿ ಹೋಗಿ ಕೂತ್ರೆ ಆ ಕೋಶ ಮಂಕಾಗುತ್ತೆ, ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರ್ತಾ ಇದ್ರೂ "ಉಸಿರು ಎಳಿ" ಅನ್ನೋ ಒತ್ತಾಯ ಬರಲ್ಲ. ನಲಾಕ್ಸೋನ್ ಅದೇ ಜಾಗದಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತೆ, ಆದ್ರೆ ಕೂತು ಏನೂ ಮಾಡಲ್ಲ, ಸುಮ್ನೆ ಜಾಗ ಹಿಡ್ಕಂಡಿರುತ್ತೆ. ಮಂಕು ಮಾಡೋದಕ್ಕೆ ಜಾಗ ಸಿಗದೆ ಇದ್ದಾಗ ಕೋಶ ಎಚ್ಚರಾಗಿ ಉಸಿರು ಶುರು ಆಗುತ್ತೆ. ನಲಾಕ್ಸೋನ್ ಕೊಬ್ಬಿನಂಶದಲ್ಲಿ ಸುಲಭವಾಗಿ ಕರಗುತ್ತೆ, ಹಂಗಾಗಿ ರಕ್ತನಾಳಕ್ಕೆ ಕೊಟ್ರೆ ಒಂದೆರಡು ನಿಮಿಷಕ್ಕೇ ಮೆದುಳು ಮುಟ್ಟುತ್ತೆ, ಮಾಂಸಖಂಡಕ್ಕೆ ಕೊಟ್ರೆ ಇನ್ನೆರಡ್ಮೂರು ನಿಮಿಷ ತಡ.

ಆದ್ರೆ ಕೂತಿದ್ದು ಅಲ್ಲೇ ಖಾಯಂ ಕೂತಿರಲ್ಲ, ಎರಡೂ ಔಷಧಿ ಕೂತು ಏಳ್ತಾ ಕೂತು ಏಳ್ತಾ ಇರ್ತವೆ. ಖಾಲಿ ಆದ ಜಾಗಕ್ಕೆ ಮುಂದೆ ಯಾರು ಬರ್ತಾರೆ ಅನ್ನೋದು ಆ ಹೊತ್ತಿಗೆ ಸುತ್ತಮುತ್ತ ಯಾರು ಎಷ್ಟು ಇದಾರೆ ಅನ್ನೋದ್ರ ಮೇಲೆ. ರಕ್ತದಲ್ಲಿ ನಲಾಕ್ಸೋನ್ ಕಮ್ಮಿ ಆದಂಗೆ ಮೆದುಳಿಂದಾನೂ ಬೇಗ ಹೊರಗೆ ಬರುತ್ತೆ, ಲಿವರು ಅದನ್ನ ಚಕಚಕ ಅಂತ ಮುಗಿಸುತ್ತೆ. ಸುಮಾರು ಒಂದು ಗಂಟೆಗೆ ಅರ್ಧ ಆಗಿರುತ್ತೆ. ಫೆಂಟನಿಲ್ ಮಾತ್ರ ಅಲ್ಲೇ ಕಾಯ್ತಾ ಇರುತ್ತೆ.

ಮೆಡಿಕಲ್ಸ್_ತೀರ್ಥಹಳ್ಳಿ

ಫಾರ್ಮಸಿ ಇಟ್ಕಂಡಿದೀನಿ, ಹಾಗಾಗಿ ಒಂದು ಡೌಟು. ಫೆಂಟನಿಲ್ ಅಂದ್ರೆ ಬಹಳ ಶಾರ್ಟ್ ಆಕ್ಟಿಂಗ್ ಅಂತ ನಾವು ಓದಿದ್ದು, ಆಪರೇಷನ್ ಟೈಮಲ್ಲಿ ಕೊಟ್ರೆ ಅರ್ಧ ಮುಕ್ಕಾಲು ಗಂಟೇಲಿ ಇಳಿದು ಹೋಗುತ್ತೆ. ನಲಾಕ್ಸೋನಿಗಿಂತ ಮೊದಲೇ ಅದು ಖಾಲಿ ಆಗ್ಬೇಕಿತ್ತಲ್ವಾ? ಮೆಥಡೋನ್ ಆಗಿದ್ರೆ ಒಪ್ತೀನಿ, ಅದು ದಿನಗಟ್ಲೆ ಇರುತ್ತೆ.

ಓಟಿ_ಡಾಕ್ಟರ್

ಅನಸ್ತೀಶಿಯಾ ನನ್ನ ಕೆಲಸ, ಇದಕ್ಕೆ ನಾನು ಹೇಳ್ತೀನಿ. ಸಿರಿಂಜಲ್ಲಿ ಒಂದು ಸಣ್ಣ ಡೋಸ್ ಕೊಟ್ಟಾಗ ನೀವು ಹೇಳಿದ್ದು ಸರಿ, ಫೆಂಟನಿಲ್ ಮೆದುಳಿಂದ ಹೊರಟು ಮಾಂಸಖಂಡ, ಕೊಬ್ಬು ಅಂತ ಮೈಯೆಲ್ಲ ಹರಡುತ್ತೆ, ಹಂಗಾಗಿ ಬೇಗ ಇಳಿದಂಗೆ ಕಾಣುತ್ತೆ. ಪ್ಯಾಚಿನ ಲೆಕ್ಕ ಬೇರೆ. ಪ್ಯಾಚ್ ಅಂಟಿಸಿದ ಜಾಗದಲ್ಲಿ ಚರ್ಮದೊಳಗೇ ಔಷಧಿ ಶೇಖರಣೆ ಆಗುತ್ತೆ, ಅಲ್ಲಿಂದ ರಕ್ತಕ್ಕೆ ನಿಧಾನ ಇಳೀತಾ ಇರುತ್ತೆ. ಮೇಲಿನ ಪ್ಯಾಚ್ ಕಿತ್ತರೂ ಚರ್ಮದೊಳಗಿನ ದಾಸ್ತಾನು ಅಲ್ಲೇ ಇದೆ. ತಿಂಗಳುಗಟ್ಲೆ ಹಾಕ್ಕಂಡಿರೋರ ಮೈ ಕೊಬ್ಬಲ್ಲೂ ಒಂದಿಷ್ಟು ತುಂಬಿರುತ್ತೆ. ಹಾಗಾಗಿ ಪ್ಯಾಚ್ ತೆಗೆದ ಮೇಲೆ ರಕ್ತದಲ್ಲಿ ಅರ್ಧ ಆಗಕ್ಕೆ ಹದಿನೇಳು ಗಂಟೆಯಿಂದ ಹೆಚ್ಚುಕಮ್ಮಿ ಒಂದು ದಿನ ಬೇಕು. ವಯಸ್ಸಾದವರು, ಸೊರಗಿದವರಿಗೆ ಇನ್ನೂ ನಿಧಾನ ಆಗಬಹುದು.

ಈಗ ಸಾಗರದವರ ಕೇಸನ್ನೇ ಲೆಕ್ಕ ಹಾಕಿ. ಏಳು ಕಾಲಿಗೆ ಇಂಜೆಕ್ಷನ್, ಎಂಟೂವರೆಗೆ ಆಯನೂರು ಅಂತ ಇಟ್ಕೊಳಿ. ಆ ಒಂದೂಕಾಲು ಗಂಟೇಲಿ ನಲಾಕ್ಸೋನು ಅರ್ಧಕ್ಕಿಂತ ಕೆಳಗೆ ಇಳೀತು. ಫೆಂಟನಿಲ್ 20 ಗಂಟೆಗೆ ಅರ್ಧ ಆಗೋದು ಅಂತ ಹಿಡಿದ್ರೆ ಅದೇ ಹೊತ್ತಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ಮಧ್ಯರಾತ್ರಿವರೆಗೂ ಬೇರೇನೂ ಕೊಡದೆ ಬಿಟ್ಟಿದ್ರೆ ನಲಾಕ್ಸೋನ್ ಲೆಕ್ಕಕ್ಕೇ ಇರ್ತಿರ್ಲಿಲ್ಲ, ಫೆಂಟನಿಲ್ 85ರ ಆಸುಪಾಸು.

ತೋಟದಮನೆ

ಈಗ ತಲೆಗೆ ಹೋಯ್ತು ಡಾಕ್ಟ್ರೆ. ಅಂದ್ರೆ ಸಾಗರ ಶಿವಮೊಗ್ಗ ಬಸ್ಸಲ್ಲಿ ನಲಾಕ್ಸೋನ್ ಸೀಟು ಹಿಡ್ಕಂಡು ಕೂತಿತ್ತು, ಫೆಂಟನಿಲ್ ನಿಂತಿತ್ತು, ನಲಾಕ್ಸೋನ್ ಟಿಕೆಟ್ ಆಯನೂರಿಗೇ ಮುಗೀತು, ಫೆಂಟನಿಲ್ ಟಿಕೆಟ್ ಬೆಂಗಳೂರಿಗೆ ತೆಗ್ಸಿದೆ, ಸೀಟು ಖಾಲಿ ಆಗಿದ್ದೇ ಕೂತ್ಕಂತು. ಸರಿನಾ?

ಆದ್ರೂ ನನ್ನ ಹಳೇ ಪ್ರಶ್ನೆ ಹಾಗೇ ಇದೆ. ಮೊದಲೇ ಡಬಲ್ ಡೋಸ್ ಕೊಟ್ಟಿದ್ರೆ ಶಿವಮೊಗ್ಗ ಮುಟ್ಟೋವರೆಗಾದ್ರೂ ಬರ್ತಿತ್ತಲ್ಲ?

ರಾತ್ರಿಪಾಳಿ

ಸರಿಯಾಗೇ ಹೇಳಿದ್ರಿ ಅಣ್ಣ. ಡಬಲ್ ಡೋಸಿನ ಲೆಕ್ಕ ಸ್ವಲ್ಪ ಯೋಚ್ನೆ ಮಾಡಿ ನೋಡಿ. ಔಷಧಿ ಒಂದು ಗಂಟೆಗೆ ಅರ್ಧ ಆಗುತ್ತೆ ಅಂದ್ಮೇಲೆ ಎರಡರಷ್ಟು ಕೊಟ್ರೆ ಒಂದು ಗಂಟೆ ಆದ್ಮೇಲೆ ಮೊದಲಿನ ಡೋಸಿಗೆ ಬಂದು ನಿಲ್ಲುತ್ತೆ. ಅಂದ್ರೆ ಡಬಲ್ ಕೊಟ್ಟು ನಾವು ಸಂಪಾದ್ಸಿದ್ದು ಬರೀ ಒಂದು ಗಂಟೆ. ನಾಕರಷ್ಟು ಕೊಟ್ರೆ ಎರಡು ಗಂಟೆ. ಎದುರಿಗೆ ಇರೋದು ಒಂದು ದಿನದ ಫೆಂಟನಿಲ್, ಅದನ್ನ ಹೀಗೆ ಓಡಿ ಹಿಡಿಯಕ್ಕೆ ಆಗಲ್ಲ.

ಜಾಸ್ತಿ ಕೊಟ್ಟಿದ್ರ ಬೆಲೆನೂ ಇದೆ. ನಲಾಕ್ಸೋನಿಗೆ ಉಸಿರಿನ ರಿಸೆಪ್ಟರ್ ಯಾವ್ದು ನೋವಿನ ರಿಸೆಪ್ಟರ್ ಯಾವ್ದು ಅನ್ನೋ ವ್ಯತ್ಯಾಸ ಇಲ್ಲ, ಎಲ್ಲಾ ಕಡೆಯಿಂದಲೂ ಎಬ್ಬಿಸುತ್ತೆ. ಕ್ಯಾನ್ಸರ್ ಪೇಷಂಟಿಗೆ ಒಂದು ಆಂಪುಲ್ ಪೂರ್ತಿ ಒಂದೇ ಸಲ ತಳ್ಳಿದ್ರೆ ಅಷ್ಟು ದಿನ ತಡೆದಿಟ್ಟಿದ್ದ ನೋವು ಒಂದೇ ನಿಮಿಷದಲ್ಲಿ ವಾಪಸ್ ಬರುತ್ತೆ. ಬೆವರು, ವಾಂತಿ, ಬಿಪಿ ಏರೋದು, ಕಿರುಚಾಟ, ನಾನು ಕಣ್ಣಾರೆ ನೋಡಿದೀನಿ, ನೋಡಕ್ಕಾಗಲ್ಲ. ಮಂಪರಲ್ಲಿ ಇರೋರು ವಾಂತಿ ಮಾಡಿದ್ರೆ ಅದು ಶ್ವಾಸಕೋಶಕ್ಕೆ ಹೋಗೋ ಅಪಾಯ ಬೇರೆ.

ಅದಕ್ಕೇ ಅಕ್ಕ ಬರ್ದ ಆ ಡ್ಯೂಟಿ ಡಾಕ್ಟ್ರು ಸ್ವಲ್ಪ ಸ್ವಲ್ಪವೇ ಹಾಕಿದ್ದು. ನಮ್ಮಲ್ಲಿ ಮಾಡೋ ರೀತಿ ಹೇಳ್ತೀನಿ. ಆಂಪುಲ್ಲಲ್ಲಿ 0.4 ಮಿಲಿಗ್ರಾಂ ಇರುತ್ತೆ, ಒಂದು ಎಂಎಲ್. ಅದನ್ನ ಹತ್ತು ಎಂಎಲ್ ಸಿರಿಂಜಿಗೆ ಎಳ್ಕಂಡು ಉಳಿದಿದ್ದು ನಾರ್ಮಲ್ ಸಲೈನ್ ತುಂಬಿಸ್ತೀವಿ. ಈಗ ಒಂದು ಎಂಎಲ್ ಅಂದ್ರೆ 0.04 ಮಿಲಿಗ್ರಾಂ. ಒಂದು ಎಂಎಲ್ ಕೊಡದು, ಎರಡು ನಿಮಿಷ ಎದೆ ನೋಡದು, ಉಸಿರು ಎಣಿಸದು, ಸಾಲಲಿಲ್ಲ ಅಂದ್ರೆ ಇನ್ನೊಂದು ಎಂಎಲ್. ಅಷ್ಟು ಹೊತ್ತೂ ಇನ್ನೊಬ್ರು ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಉಸಿರು ಕೊಡ್ತಾನೇ ಇರ್ಬೇಕು, ಯಾಕಂದ್ರೆ ಜೀವ ಹೋಗೋದು ಆಮ್ಲಜನಕ ಇಲ್ದೆ, ಇಂಜೆಕ್ಷನ್ನು ಎರಡು ನಿಮಿಷ ತಡ ಆದ್ರೂ ಉಸಿರು ಕೊಡ್ತಾ ಇದ್ರೆ ಏನೂ ಆಗಲ್ಲ. ನಿಮಿಷಕ್ಕೆ ಹನ್ನೆರಡರ ಮೇಲೆ ಉಸಿರು ಬಂತು, ಕರೆದ್ರೆ ಓಗೊಟ್ರು ಅಂದ್ರೆ ಅಲ್ಲಿಗೆ ನಿಲ್ಲಿಸ್ತೀವಿ. ಪೂರ್ತಿ ಎಚ್ಚರ ಆಗ್ಲೇಬೇಕು ಅಂತಿಲ್ಲ.

ಹೀಗೆ ಬೇಕಾದಷ್ಟೇ ಕೊಟ್ಟಾಗ ಇನ್ನೊಂದು ಕಡೆ ಏನಾಗುತ್ತೆ ಅಂದ್ರೆ ಕೈಲಿ ಹೆಚ್ಚುವರಿ ಇರಲ್ಲ. ನಲಾಕ್ಸೋನ್ ಅರ್ಧ ಇಳೀತೋ ಇಲ್ವೋ ಮತ್ತೆ ಮಂಪರು. ಮಾವಂಗೆ ಆಯನೂರಲ್ಲೇ ಬಂದಿದ್ದು ಅದಕ್ಕೇ. ಆ ಡಾಕ್ಟ್ರಿಗೆ ಇದು ಗೊತ್ತಿದ್ದಕ್ಕೇ ಸಿರಿಂಜ್ ತುಂಬಿಸಿ ಸಿಸ್ಟರನ್ನ ಜೊತೆಗೆ ಕಳ್ಸಿದ್ದು.

ಸಾಗರದ_ಸೊಸೆ

ಓ ಹೌದು, ದೊಡ್ಡ ಸಿರಿಂಜೇ, ಮೇಲೆ ಬಿಳಿ ಟೇಪ್ ಅಂಟಿಸಿ ಪೆನ್ನಲ್ಲಿ ಬರ್ದಿದ್ರು. ಅಲ್ಲಿ ಅರ್ಧ ಸಿರಿಂಜು ಕೊಟ್ಟಿದ್ರು, ಆಯನೂರಲ್ಲಿ ಎರಡು ಗೀಟು. ಡಿಸ್ಚಾರ್ಜ್ ಚೀಟಿಲಿ "0.13 ಮಿಗ್ರಾಂ ಗಂಟೆಗೆ" ಅಂತ ಇದೆ, ಡ್ರಿಪ್ಪಿನದು ಇರ್ಬೇಕು. ಈ ಲೆಕ್ಕ ಎಲ್ಲಿಂದ ಬಂತು ಸರ್?

ಓಟಿ_ಡಾಕ್ಟರ್

ಅರ್ಧ ಸಿರಿಂಜು ಅಂದ್ರೆ ಐದು ಎಂಎಲ್, 0.2 ಮಿಲಿಗ್ರಾಂ. ಎಷ್ಟು ಕೊಟ್ಟಾಗ ಉಸಿರು ಬಂತೋ ಅದರ ಮೂರನೇ ಎರಡು ಭಾಗನ ಪ್ರತಿ ಗಂಟೆಗೆ ಓಡಿಸೋದು ವಾಡಿಕೆ. 0.2ರಲ್ಲಿ ಮೂರನೇ ಎರಡು ಭಾಗ 0.13. ಒಂದು ಗಂಟೇಲಿ ಲಿವರ್ ಎಷ್ಟು ಖಾಲಿ ಮಾಡುತ್ತೋ ಹೆಚ್ಚುಕಮ್ಮಿ ಅಷ್ಟನ್ನೇ ವಾಪಸ್ ತುಂಬ್ತಾ ಹೋಗೋದು, ಅಷ್ಟೇ ತತ್ವ. ಶುರು ಮಾಡಿದ ಕಾಲು ಗಂಟೆಗೆ ಒಂದೇ ಸಲಕ್ಕೆ ತಳ್ಳೋ ಒಂದು ಸಣ್ಣ ಡೋಸ್ ಕೊಡೋದೂ ಇದೆ, ಯಾಕಂದ್ರೆ ಡ್ರಿಪ್ ಮಟ್ಟಕ್ಕೆ ಬರೋದ್ರೊಳಗೆ ಮೊದಲಿನ ಡೋಸ್ ಇಳಿದು ಮಧ್ಯೆ ಒಂದು ತಗ್ಗು ಬೀಳುತ್ತೆ. ಆಮೇಲೆ ಪೇಷಂಟ್ ನೋಡಿ ಏರಿಸೋದು ಇಳಿಸೋದು. ನೋವಲ್ಲಿ ಒದ್ದಾಡ್ತಿದ್ರೆ ಡ್ರಿಪ್ ಜಾಸ್ತಿ ಆಗಿದೆ, ಉಸಿರು ಎಂಟು ಒಂಬತ್ತಕ್ಕೆ ಇಳಿದ್ರೆ ಕಮ್ಮಿ ಆಗಿದೆ.

ಇನ್ನೊಂದು ಲೆಕ್ಕ. 0.13ರಂತೆ ಒಂದು ದಿನ ಓಡಿಸಿದ್ರೆ ಸುಮಾರು 3.1 ಮಿಲಿಗ್ರಾಂ, ಅಂದ್ರೆ ಹೆಚ್ಚುಕಮ್ಮಿ ಎಂಟು ಆಂಪುಲ್. ಸಣ್ಣ ಆಸ್ಪತ್ರೆ ಎಮರ್ಜೆನ್ಸಿ ಟ್ರೇನಲ್ಲಿ ಎರಡು ಇದ್ರೆ ಹೆಚ್ಚು. ನಿಮ್ಮನ್ನ ಮಳೇಲಿ ರಾತ್ರೋರಾತ್ರಿ ಶಿವಮೊಗ್ಗಕ್ಕೆ ಕಳಿಸಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಕೊಪ್ಪದ_ಹುಡುಗ

ಇದನ್ನ ಓದಿ ನಂಗೆ ಭಯ ಆಯ್ತು. ನಮ್ಮಣ್ಣ ಬೆಂಗಳೂರಲ್ಲಿ ಇದ್ದಾಗ ಚಟಕ್ಕೆ ಬಿದ್ದಿದ್ದ, ಈಗ ಡಿ ಅಡಿಕ್ಷನ್ ಸೆಂಟರಿಂದ ನಾಲಿಗೆ ಕೆಳಗೆ ಇಡೋ ಮಾತ್ರೆ ಕೊಡ್ತಾರೆ, ಬುಪ್ರೆನಾರ್ಫಿನ್ ನಲಾಕ್ಸೋನ್ ಅಂತ ಪಟ್ಟಿ ಮೇಲೆ ಬರ್ದಿದೆ. ಅದರಲ್ಲಿರೋ ನಲಾಕ್ಸೋನ್ ಒಂದು ಗಂಟೆಗೆ ಇಳಿದು ಹೋದ್ರೆ ಅವನಿಗೂ ಮಾವನ ಥರ ಉಸಿರು ನಿಲ್ಲುತ್ತಾ? ಅವನು ರಾತ್ರಿ ಮಾತ್ರೆ ಇಟ್ಕಂಡು ಮಲಗ್ತಾನೆ.

ರಾತ್ರಿಪಾಳಿ

ಇಲ್ಲ ತಮ್ಮಾ, ಹೆದರ್ಬೇಡ, ಅದು ಬೇರೆ ಕಥೆ. ನಾಲಿಗೆ ಕೆಳಗೆ ಇಟ್ಟಾಗ ನಲಾಕ್ಸೋನ್ ರಕ್ತಕ್ಕೆ ಸೇರೋದೇ ಬಹಳ ಕಮ್ಮಿ, ನುಂಗಿದ್ದೂ ಅಷ್ಟೇ, ಲಿವರು ದಾಟೋದ್ರೊಳಗೆ ಮುಗಿದಿರುತ್ತೆ. ಕೆಲ್ಸ ಮಾಡೋದು ಬುಪ್ರೆನಾರ್ಫಿನ್ ಒಂದೇ, ಅದು ದಿನ ಪೂರ್ತಿ ಬರುತ್ತೆ. ಮಾತ್ರೆನ ಪುಡಿ ಮಾಡಿ ಇಂಜೆಕ್ಷನ್ ತಗಳಕ್ಕೆ ಹೋದ್ರೆ ಮಾತ್ರ ನಲಾಕ್ಸೋನ್ ಕಡಿಯುತ್ತೆ, ಹಾಗೆ ಮಾಡ್ದೆ ಇರಲಿ ಅಂತಲೇ ಅದನ್ನ ಸೇರ್ಸಿರೋದು. ನಿಮ್ಮಣ್ಣ ಬುಪ್ರೆನಾರ್ಫಿನ್ ಜೊತೆ ನಿದ್ದೆ ಮಾತ್ರೆ, ಹೆಂಡ ಸೇರ್ಸದೆ ಇರೋದು ನೋಡ್ಕೋ. ಅದಕ್ಕೆ ಎರಡು ಕಾರಣ. ನಿದ್ದೆ ಮಾತ್ರೆ ಮತ್ತೆ ಹೆಂಡದ ಮೇಲೆ ನಲಾಕ್ಸೋನ್ ಏನೂ ಮಾಡಲ್ಲ, ಆಮೇಲೆ ಬುಪ್ರೆನಾರ್ಫಿನ್ ರಿಸೆಪ್ಟರಲ್ಲಿ ಭಾರೀ ಗಟ್ಟಿ ಕೂತಿರುತ್ತೆ, ಎಬ್ಬಿಸ್ಬೇಕು ಅಂದ್ರೆ ಮಾಮೂಲಿಗಿಂತ ಜಾಸ್ತಿ ನಲಾಕ್ಸೋನ್ ಬೇಕಾಗುತ್ತೆ, ನಿಧಾನಕ್ಕೆ ಏಳುತ್ತೆ. ಮಾತ್ರೆ ತಾನಾಗೇ ನಿಲ್ಸೋದು ಮಾತ್ರ ಬೇಡ.

ತೋಟದಮನೆ

ಡಾಕ್ಟ್ರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ರು ಅಂದ್ರಲ್ಲ, ಪಾಪೆ ಸಣ್ಣ ಆಗಿರುತ್ತೆ ಅಂತ ಅಲ್ವಾ? ನಮ್ಮ ಕಡೆ ಶುಂಠಿ ಗದ್ದೆಗೆ ಔಷಧಿ ಹೊಡೆದೋರಿಗೂ ಹಂಗೇ ಸೂಜಿ ಮೊನೆ ಥರ ಆಗಿದ್ದು ನೋಡಿದೀನಿ. ಅವರಿಗೂ ಇದೇ ಇಂಜೆಕ್ಷನ್ನಾ?

ಓಟಿ_ಡಾಕ್ಟರ್

ಒಳ್ಳೇ ಪ್ರಶ್ನೆ, ಮಲ್ನಾಡಲ್ಲಿ ಇದನ್ನ ಕೇಳಲೇಬೇಕು. ಕೀಟನಾಶಕದ ವಿಷದಲ್ಲಿ ಪಾಪೆ ಸಣ್ಣ ಆಗೋದು ನಿಜ, ಆದ್ರೆ ಆ ಮನುಷ್ಯ ಪೂರ್ತಿ ಒದ್ದೆ ಇರ್ತಾನೆ: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು, ಬೇಧಿ, ಎದೆಯಲ್ಲಿ ಗೊರಗೊರ, ಸ್ನಾಯು ಅದುರೋದು. ಔಷಧಿ ವಾಸನೆನೂ ಬರುತ್ತೆ. ಓಪಿಯಾಯ್ಡಲ್ಲಿ ಮೈ ಶಾಂತ, ಬಾಯಿ ಒಣಗಿರುತ್ತೆ, ಉಸಿರು ಮಾತ್ರ ನಿಧಾನ. ಕೀಟನಾಶಕಕ್ಕೆ ಅಟ್ರೋಪಿನ್ ಬೇಕು, ನಲಾಕ್ಸೋನ್ ಅಲ್ಲಿ ಪ್ರಯೋಜನಕ್ಕಿಲ್ಲ. ನಲಾಕ್ಸೋನನ್ನ ಏರಿಸ್ತಾ ಏರಿಸ್ತಾ ಒಟ್ಟು 10 ಮಿಲಿಗ್ರಾಂವರೆಗೆ ಕೊಟ್ರೂ ಉಸಿರು ಬರ್ಲಿಲ್ಲ ಅಂದ್ರೆ ಕಾರಣ ಬೇರೆ ಹುಡುಕ್ಬೇಕು ಅನ್ನೋದು ನಮಗೆ ಕಲಿಸಿರೋ ಪಾಠ.

ಸಾಗರದ_ಸೊಸೆ

ಜ್ವರ, ಬಿಸಿನೀರಿನ ಬ್ಯಾಗು ಇದಕ್ಕೂ ಪ್ಯಾಚಿಗೂ ಸಂಬಂಧ ಇದೆ ಅಂತ ಅಲ್ಲಿ ಡಾಕ್ಟ್ರು ಒಂದು ಮಾತು ಹೇಳಿದ್ರು, ಗಡಿಬಿಡಿಲಿ ಪೂರ್ತಿ ಕೇಳಿಸ್ಕಳಕ್ಕೆ ಆಗ್ಲಿಲ್ಲ. ಇನ್ನೊಂದು, ರಾತ್ರಿ ಐಸಿಯುಲಿ ಮಾವ ನೋವು ನೋವು ಅಂತ ಬೇಡ್ಕಂಡ್ರಂತೆ, ಆದ್ರೂ ಮಾರ್ಫಿನ್ ಕೊಡ್ಲಿಲ್ಲ. ನಮ್ಮನೆಯವ್ರಿಗೆ ಅದು ಬಹಳ ಬೇಜಾರಾಗಿದೆ.

ರಾತ್ರಿಪಾಳಿ

ಬಿಸಿಗೆ ಪ್ಯಾಚಿಂದ ಔಷಧಿ ಜೋರಾಗಿ ಇಳಿಯುತ್ತೆ, ಚರ್ಮದ ಕೆಳಗಿನ ರಕ್ತಓಟನೂ ಜಾಸ್ತಿ ಆಗುತ್ತೆ. ಜ್ವರ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ರಕ್ತದಲ್ಲಿ ಫೆಂಟನಿಲ್ ಮೂರನೇ ಒಂದು ಭಾಗದಷ್ಟು ಹೆಚ್ಚಾಗಬಹುದು ಅಂತ ಪ್ಯಾಚಿನ ಜೊತೆ ಬರೋ ಚೀಟಿಲೇ ಲೆಕ್ಕ ಇದೆ. ಅದರ ಮೇಲೆ ಬಿಸಿನೀರಿನ ಬ್ಯಾಗು, ಕಂಬಳಿ. ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲು ಒಲೆ ಮುಂದೆ ಬೆನ್ನು ಕಾಯಿಸ್ತಾ ಕೂರೋದು ಅಭ್ಯಾಸ, ಪ್ಯಾಚ್ ಇರೋರು ಅದನ್ನೂ ಬಿಡ್ಬೇಕು. ಹಂಡೆ ನೀರು ಸುಡಸುಡ ಹುಯ್ಕಳೋದೂ ಬೇಡ. ಜ್ವರ ಬಂದ್ರೆ ಪ್ಯಾಚ್ ಬರ್ದ ಡಾಕ್ಟ್ರಿಗೆ ಅವತ್ತೇ ಫೋನ್ ಮಾಡಿ.

ಮಾರ್ಫಿನ್ ವಿಷಯ ನಿಮ್ಮ ಯಜಮಾನ್ರಿಗೆ ಹೀಗೆ ಹೇಳಿ. ಆ ನೋವು ಬಂದಿದ್ದು ನಲಾಕ್ಸೋನಿಂದ, ಮೈಯಲ್ಲಿ ನೋವಿನ ಔಷಧಿ ಕಮ್ಮಿ ಆಗಿದ್ದರಿಂದ ಅಲ್ಲ. ಆ ಹೊತ್ತಲ್ಲಿ ಮಾರ್ಫಿನ್ ಕೊಟ್ರೆ ಕೂರಕ್ಕೆ ಜಾಗ ಇಲ್ದೆ ಅದೂ ಕಾಯ್ತಾ ನಿಲ್ಲುತ್ತೆ, ನೋವು ಅಷ್ಟೊಂದು ಇಳಿಯಲ್ಲ, ಇಳೀಲಿಲ್ಲ ಅಂತ ಇನ್ನಷ್ಟು ಕೊಡ್ತಾರೆ. ಡ್ರಿಪ್ ನಿಲ್ಲಿಸಿದ ಮೇಲೆ ಫೆಂಟನಿಲ್ಲೂ ಮಾರ್ಫಿನ್ನೂ ಎರಡೂ ಒಟ್ಟಿಗೆ ಮೇಲೆ ಬೀಳ್ತವೆ. ಸರಿಯಾದ ದಾರಿ ಡ್ರಿಪ್ಪನ್ನ ಸ್ವಲ್ಪ ಇಳಿಸಿ ಉಸಿರೂ ನಡೀಬೇಕು ನೋವೂ ತಡ್ಕಳ್ಳೋ ಹಂಗೆ ಇರ್ಬೇಕು ಅನ್ನೋ ಜಾಗ ಹುಡುಕೋದು. ಒಂದೊಂದ್ಸಲ ಅದಕ್ಕೆ ರಾತ್ರಿ ಪೂರ್ತಿ ಬೇಕಾಗುತ್ತೆ, ಆ ಹೊತ್ತು ಪೇಷಂಟಿಗೂ ಮನೆಯವರಿಗೂ ಕಷ್ಟವೇ.

ಇನ್ನೊಂದು ಹೇಳ್ಲೇಬೇಕು. ಬೆರಳಿಗೆ ಹಾಕೋ ಆಕ್ಸಿಮೀಟರ್ ನೋಡಿ 98 ಇದೆ ಅಂತ ನಿರಾಳ ಆಗ್ಬೇಡಿ. ಮೂಗಿಗೆ ಆಕ್ಸಿಜನ್ ಪೈಪ್ ಇದ್ರೆ ನಿಮಿಷಕ್ಕೆ ಆರು ಉಸಿರು ಇದ್ರೂ ನಂಬರ್ ಚೆನ್ನಾಗೇ ಕಾಣುತ್ತೆ, ಒಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬ್ತಾ ಇರುತ್ತೆ, ಮಂಪರು ಇನ್ನೂ ಆಳ ಆಗುತ್ತೆ. ಹೊಟ್ಟೆ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಕರಿಂದ ಗುಣಿಸೋದು ಇಲ್ಲಿ ಮೋಸ ಮಾಡುತ್ತೆ, ಯಾಕಂದ್ರೆ ಇವರ ಉಸಿರಿನ ನಡುವೆ ಅಂತರ ಒಂದೇ ಥರ ಇರಲ್ಲ. ಆಮೇಲೆ ಎಬ್ಬಿಸಿ ಮಾತಾಡಿಸ್ತಾ ಎಣಿಸ್ಬೇಡಿ, ಮಾತಾಡಿಸಿದಾಗ ಚೆನ್ನಾಗಿ ಉಸಿರಾಡ್ತಾರೆ, ಬಿಟ್ಟ ತಕ್ಷಣ ಇಳಿಯುತ್ತೆ.

ಹೊಸನಗರ_ಟೀಚರ್

ನಾನು ರಿಟೈರ್ಡ್ ಟೀಚರ್, ನಮ್ಮೂರ ಸುತ್ತ ಹಾಸಿಗೆ ಹಿಡಿದವರ ಮನೆಗೆ ಹೋಗೋ ತಂಡದಲ್ಲಿ ಇದ್ದೀನಿ. ಅಡಿಕೆ ತಂಬಾಕು ಹಾಕಿ ಹಾಕಿ ಬಾಯಿ ಕ್ಯಾನ್ಸರ್ ಆದವರೇ ಹೆಚ್ಚು, ಪ್ಯಾಚ್ ಇರೋರೂ ಇದಾರೆ. ಮಳೆಗಾಲದಲ್ಲಿ ಸಂಕ ದಾಟಿ ರಸ್ತೆಗೆ ಬರಕ್ಕೇ ಮುಕ್ಕಾಲು ಗಂಟೆ ಬೇಕಾಗೋ ಮನೆಗಳಿವೆ. ಅಲ್ಲಿ ಹೀಗಾದ್ರೆ ಆಸ್ಪತ್ರೆ ಮುಟ್ಟೋದ್ರೊಳಗೆ ಮುಗೀತು. ಪ್ಯಾಚ್ ಇರೋ ಮನೇಲಿ ಎರಡು ಆಂಪುಲ್ ನಲಾಕ್ಸೋನ್ ಇಡಬಾರದು ಅಂತ ಯಾಕಿದೆ? ಓವರ್‌ಡೋಸ್ ನೋಡೋ ಸಾಧ್ಯತೆ ಇರೋರ ಕೈಲಿ ಇದು ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅಮೆರಿಕದಲ್ಲಿ 2023ರಿಂದ ಮೂಗಿಗೆ ಹೊಡೆಯೋ ಸ್ಪ್ರೇ ಚೀಟಿ ಇಲ್ದೇ ಸಿಗುತ್ತೆ.

ಓಟಿ_ಡಾಕ್ಟರ್

ಟೀಚರ್, ನಿಮ್ಮ ಕಾಳಜಿ ನಂಗೆ ಅರ್ಥ ಆಗುತ್ತೆ, ಆದ್ರೆ ನಾನು ಪೂರ್ತಿ ಒಪ್ಪಲ್ಲ. ಆ ಸಲಹೆ ಹುಟ್ಟಿದ್ದು ಮುಖ್ಯವಾಗಿ ಹೆರಾಯಿನ್ ಥರದ್ದು ತಗಳೋರ ಸುತ್ತ. ಕ್ಯಾನ್ಸರ್ ಕೊನೇ ಹಂತದಲ್ಲಿ ಇರೋರಿಗೆ ಸಾವು ಹತ್ತಿರ ಬಂದಾಗ ಉಸಿರು ತಾನಾಗೇ ನಿಧಾನ ಆಗುತ್ತೆ, ಅದು ಔಷಧಿಯಿಂದ ಅಲ್ಲ. ಗಾಬರಿಲಿ ಮನೆಯವರು ಆಗ ನಲಾಕ್ಸೋನ್ ಚುಚ್ಚಿದ್ರೆ ಉಸಿರು ಸರಿಹೋಗಲ್ಲ, ಆ ಜೀವ ಕೊನೇ ಗಂಟೆಗಳನ್ನ ನೋವಲ್ಲಿ ಕಳೆಯುತ್ತೆ. ಯಾವುದು ಔಷಧಿ ಹೆಚ್ಚಾಗಿದ್ದು, ಯಾವುದು ಕಾಯಿಲೆ ಮುಗೀತಾ ಇರೋದು ಅಂತ ಮನೆಯವರು ರಾತ್ರಿ ಎರಡು ಗಂಟೆಗೆ ಹೇಗೆ ತಿಳ್ಕೊಳ್ತಾರೆ? ಇನ್ನೊಂದು ಭಯ, ಇಂಜೆಕ್ಷನ್ ಕೊಟ್ರು, ಎದ್ರು, ಸರಿ ಹೋಯ್ತು ಅಂತ ಮಲಗಿಸ್ತಾರೆ. ಒಂದೂವರೆ ಗಂಟೆ ಆದ್ಮೇಲೆ ಯಾರೂ ನೋಡ್ತಾ ಇರಲ್ಲ.

ಹೊಸನಗರ_ಟೀಚರ್

ಡಾಕ್ಟ್ರೆ, ನೆನ್ನೆ ಪೇಪರ್ ಓದ್ತಿದ್ದೋರು ಇವತ್ತು ಜ್ವರ ಬಂದು ಏಳ್ತಾ ಇಲ್ಲ ಅನ್ನೋದಕ್ಕೂ, ವಾರದಿಂದ ಅನ್ನ ನೀರು ಬಿಟ್ಟು ಕ್ಷೀಣಿಸ್ತಾ ಬಂದೋರಿಗೂ ವ್ಯತ್ಯಾಸ ಮನೆಯವರಿಗೆ ಗೊತ್ತಾಗುತ್ತೆ. ಹೇಳಿಕೊಟ್ರೆ ಖಂಡಿತ ಗೊತ್ತಾಗುತ್ತೆ. ಮತ್ತೆ ಮಂಪರು ಬರೋ ವಿಷಯ ನೀವು ಹೇಳಿದ್ದು ನಿಜ, ಅದನ್ನ ಆಂಪುಲ್ ಕೊಡುವಾಗಲೇ ಹೇಳ್ಬೇಕು: ಇದು ಗಾಡಿ ಹತ್ತಿಸಕ್ಕೆ ಸಿಗೋ ಸಮಯ ಅಷ್ಟೇ ಅಂತ. ನಮ್ಮ ಮನೆಗಳಿಗೆ ಆ ಒಂದು ಗಂಟೆನೇ ಸಾಕು.

ಮೆಡಿಕಲ್ಸ್_ತೀರ್ಥಹಳ್ಳಿ

ಇದಕ್ಕೆ ನಾಲ್ಮೆಫೀನ್ ಅಂತ ಹೊಸ ಸ್ಪ್ರೇ ಬಂದಿದೆಯಲ್ಲ ಅಮೆರಿಕದಲ್ಲಿ, ಅದು ಹತ್ತು ಹನ್ನೊಂದು ಗಂಟೆಗೆ ಅರ್ಧ ಆಗೋದು. ಅದು ಇಲ್ಲಿ ಸಿಕ್ಕಿದ್ರೆ ಈ ಜಗಳನೇ ಇರಲ್ಲ ಅನ್ಸುತ್ತೆ.

ಓಟಿ_ಡಾಕ್ಟರ್

ಅದ್ರ ಬಗ್ಗೆ ಅಲ್ಲೇ ಒಮ್ಮತ ಇಲ್ಲ. ಬೇಗ ಇಳಿಯೋದು ನಲಾಕ್ಸೋನಿನ ದೋಷ ಅಂತ ಇಲ್ಲಿ ಎಲ್ಲ ಮಾತಾಡ್ತಿದೀವಿ, ಆದ್ರೆ ಡೋಸ್ ಸ್ವಲ್ಪ ಹೆಚ್ಚಾದ್ರೆ ಒಂದು ಗಂಟೇಲಿ ಆ ಒದ್ದಾಟ ಮುಗಿಯುತ್ತೆ ಅನ್ನೋದೇ ನಮಗಿರೋ ಸಮಾಧಾನ. ಕ್ಯಾನ್ಸರ್ ನೋವಿನವರಿಗೆ ಹನ್ನೆರಡು ಗಂಟೆ ನೋವಿನ ಔಷಧಿ ಯಾವುದೂ ಹತ್ತದೇ ಇದ್ರೆ ಏನಾಗುತ್ತೆ ಯೋಚಿಸಿ. ನಾನಾದ್ರೆ ಡ್ರಿಪ್ಪನ್ನೇ ಆರಿಸ್ಕೊಳ್ತೀನಿ, ಬೇಕಂದಾಗ ಇಳಿಸ್ಬಹುದು.

ಸಾಗರದ_ಸೊಸೆ

ಇವತ್ತು ನೋವಿನ ಡಾಕ್ಟ್ರ ಹತ್ರ ಹೋಗಿದ್ವಿ. ಪ್ಯಾಚ್ 25ಕ್ಕೆ ಇಳಿಸಿದಾರೆ, ಜ್ವರ ಪೂರ್ತಿ ಬಿಟ್ಟ ಮೇಲೆ ನೋಡಣ ಅಂದ್ರು. ಮನೇಲಿ ಆಂಪುಲ್ ಇಡೋ ವಿಷಯ ಟೀಚರ್ ಹೇಳಿದ ಹಾಗೇ ಕೇಳ್ದೆ. ಬೇಡ ಅನ್ಲಿಲ್ಲ, ಕೊಡ್ತೀನಿ ಅಂತಲೂ ಅನ್ಲಿಲ್ಲ, ಮುಂದಿನ ಸಲ ಇಂಜೆಕ್ಷನ್ ಚುಚ್ಚೋರು ಯಾರೋ ಅವರನ್ನೇ ಕರ್ಕಂಡು ಬನ್ನಿ ಅಂದ್ರು. ಅತ್ತೆ ತಾವೇ ಕಲೀತೀನಿ ಅಂತಿದಾರೆ. ಈಗ ರಾತ್ರಿ ಮಲಗೋಕೆ ಮುಂಚೆ ಒಂದ್ಸಲ, ಬೆಳಗಿನ ಜಾವ ಒಂದ್ಸಲ ಮಾವನ ಉಸಿರು ಎಣಿಸಿ ಕ್ಯಾಲೆಂಡರಲ್ಲಿ ಬರೀತಾ ಇದೀವಿ. ನೆನ್ನೆ 14, ಇವತ್ತು 15.

ಮೆಡಿಕಲ್ಸ್_ತೀರ್ಥಹಳ್ಳಿ

ಅಮ್ಮ, ಡಾಕ್ಟ್ರು ಬರ್ದು ಕೊಟ್ರೆ ಚೀಟಿ ಕಳ್ಸಿ, ಸ್ಟಾಕಿಸ್ಟ್ ಹತ್ರ ಆರ್ಡರ್ ಹಾಕ್ತೀನಿ. ಎಕ್ಸ್‌ಪೈರಿ ದೂರ ಇರೋದೇ ಕೇಳಿ ತರಿಸ್ತೀನಿ, ಬೆಳಕು ಬೀಳದಂಗೆ ಡಬ್ಬೀಲೇ ಇಡಿ, ಫ್ರಿಡ್ಜ್ ಬೇಕಾಗಿಲ್ಲ. ಹಳೇ ಪ್ಯಾಚ್ ಕಿತ್ತ ಮೇಲೂ ಅದರಲ್ಲಿ ಔಷಧಿ ಬೇಕಾದಷ್ಟು ಉಳಿದಿರುತ್ತೆ, ಅಂಟು ಒಳಗೆ ಬರೋ ಹಂಗೆ ಮಡಚಿ ಮಕ್ಕಳು ನಾಯಿ ಕೈಗೆ ಸಿಗದ ಜಾಗದಲ್ಲಿ ಹಾಕಿ. ಟೀಚರ್, ನಿಮ್ಮ ತಂಡದಲ್ಲಿ ಪ್ಯಾಚ್ ಇರೋ ಮನೆ ಎಷ್ಟಿವೆ ಹೇಳಿ, ಆ ಮನೆಗಳ ಡಾಕ್ಟ್ರು ಯಾರು ಅಂತಲೂ ತಿಳಿಸಿ, ನಾನೂ ಒಂದು ಮಾತು ಕೇಳ್ತೀನಿ.